85 ಪರ್ಸೆಂಟ್ ಬಂತು, ರೋಗ ಸಿಗಲಿಲ್ಲ

‘ಸರ್, ನನ್ನ ಮಾಡೆಲ್ ಚೆನ್ನಾಗಿ ಬರ್ತಿಲ್ಲ. ಯಾಕಿರಬಹುದು?’

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಕಾಲ ಬಂತೆಂದರೆ ಮೇಷ್ಟ್ರುಗಳ ಫೋನಿಗೆ, ಸೀನಿಯರ್‌ಗಳ ಫೋನಿಗೆ ಈ ಒಂದು ಸಾಲು ಬಂದು ಬೀಳುತ್ತದೆ. ಅದರ ಹಿಂದೆ ಮುಂದೆ ಏನೂ ಇರುವುದಿಲ್ಲ. ಹಾಗೆಂದು ಉತ್ತರಗಳಿಗೆ ಬರವಿಲ್ಲ. ಡೇಟಾ ಜಾಸ್ತಿ ಮಾಡು ಎನ್ನುತ್ತಾರೆ ಒಬ್ಬರು. ಇನ್ನಷ್ಟು ಹೊತ್ತು ಟ್ರೈನ್ ಮಾಡು ಎನ್ನುತ್ತಾರೆ ಇನ್ನೊಬ್ಬರು. ಡ್ರಾಪೌಟ್ ಹಾಕಿ ನೋಡು ಎನ್ನುವವರೂ ಇರುತ್ತಾರೆ. ಕೊನೆಯ ಎರಡು ಸಲಹೆಗಳು ಒಂದಕ್ಕೊಂದು ವಿರುದ್ಧ. ಮಾಡೆಲ್ ಇನ್ನೂ ಕಲಿತಿಲ್ಲ ಎಂದಾದರೆ ಹೆಚ್ಚು ಹೊತ್ತು ಕಲಿಸಬೇಕು. ಕಲಿಯುವ ಬದಲು ಬಾಯಿಪಾಠ ಮಾಡಿಬಿಟ್ಟಿದೆ ಎಂದಾದರೆ ಡ್ರಾಪೌಟಿನಂಥ ಕಡಿವಾಣ ಬೇಕು. ಒಂದೇ ಪ್ರಶ್ನೆಗೆ ಈ ಎರಡೂ ಉತ್ತರ ಬರುತ್ತವೆ ಎಂದರೆ ಪ್ರಶ್ನೆಯಲ್ಲೇ ಏನೋ ಕಾಣೆಯಾಗಿದೆ.

ಕಾಣೆಯಾಗಿರುವುದು ನಾಲ್ಕು ಸಂಗತಿ: ‘ಚೆನ್ನಾಗಿ’ ಎನ್ನುವುದನ್ನು ಯಾವ ಅಳತೆಯಲ್ಲಿ ನೋಡಿದಿರಿ, ಡೇಟಾವನ್ನು ಕಲಿಕೆಗೂ ಪರೀಕ್ಷೆಗೂ ಹೇಗೆ ಹಂಚಿದಿರಿ, ಯಾವ ಬಗೆಯ ಮಾಡೆಲ್, ಅದಕ್ಕೆ ಯಾವ ಸೆಟ್ಟಿಂಗ್‌ಗಳಲ್ಲಿ ಕಲಿಸಿದಿರಿ. ಇವಿಲ್ಲದೆ ಉತ್ತರ ಎಷ್ಟು ದಾರಿ ತಪ್ಪುತ್ತದೆ ಎಂಬುದನ್ನು ಒಂದು ಪ್ರಾಜೆಕ್ಟ್ ಇಟ್ಟುಕೊಂಡೇ ನೋಡೋಣ. ವಿದ್ಯಾರ್ಥಿನಿ, ಪ್ರಾಜೆಕ್ಟ್, ಅದರ ಸಂಖ್ಯೆಗಳು ಲೆಕ್ಕಕ್ಕಾಗಿ ನಾನೇ ಕಟ್ಟಿಕೊಂಡವು. ಅದರಲ್ಲಿ ಬರುವ ಎಡವಟ್ಟುಗಳು ಮಾತ್ರ ಈ ಕೆಲಸದಲ್ಲಿ ದಿನಬೆಳಗಾದರೆ ಕಾಣುವಂಥವು.

ಕೋಲಾರದ ಕಡೆಯ ಕೊನೆಯ ವರ್ಷದ ಹುಡುಗಿ. ಊರಲ್ಲಿ ಟೊಮೆಟೊ ಬೆಳೆಯುತ್ತಾರೆ. ಎಲೆಯ ಫೋಟೊ ತೋರಿಸಿದರೆ ಅಂಗಮಾರಿ ರೋಗ ಇದೆಯೋ ಇಲ್ಲವೋ ಹೇಳುವ ಪ್ರೋಗ್ರಾಮ್ ಮಾಡಬೇಕೆಂದು ಹೊರಟಿದ್ದಾಳೆ. ತೋಟದಲ್ಲಿ ತಾನೇ ಮೊಬೈಲಿನಲ್ಲಿ ತೆಗೆದ 1,200 ಫೋಟೊ ಇವೆ. 1,020 ಆರೋಗ್ಯವಂತ ಎಲೆಗಳು, 180 ರೋಗದ ಎಲೆಗಳು. ಇವುಗಳಲ್ಲಿ ಐದರಲ್ಲೊಂದು ಪಾಲನ್ನು, ಅಂದರೆ 240 ಫೋಟೊಗಳನ್ನು, ಪರೀಕ್ಷೆಗೆಂದು ಎತ್ತಿಟ್ಟಿದ್ದಾಳೆ. ಮಾಡೆಲ್ ಚೆನ್ನಾಗಿ ಬರುತ್ತಿಲ್ಲ ಎನ್ನುವುದು ಅವಳ ದೂರು.

‘ಎಷ್ಟು ಬರ್ತಿದೆಯಮ್ಮ?’

‘85 ಪರ್ಸೆಂಟ್ ಸರ್. ನನ್ನ ಫ್ರೆಂಡಿಗೆ 99 ಬಂದಿದೆ.’

85 ಎಂದರೆ ಪರೀಕ್ಷೆಯ ಲೆಕ್ಕದಲ್ಲಿ ಡಿಸ್ಟಿಂಕ್ಷನ್. ಸ್ವಲ್ಪ ಪಾಲಿಶ್ ಮಾಡಿದರೆ ಮೇಲೇರುತ್ತದೆ ಅನ್ನಿಸುತ್ತದೆ. ಆದರೆ ಎತ್ತಿಟ್ಟ 240 ಫೋಟೊಗಳಲ್ಲಿ 204 ಆರೋಗ್ಯವಂತ ಎಲೆಗಳೇ. ಫೋಟೊವನ್ನು ನೋಡದೆಯೇ ಎಲ್ಲದಕ್ಕೂ ‘ರೋಗ ಇಲ್ಲ’ ಎಂದು ಹೇಳುವ ಒಂದು ಸಾಲಿನ ಪ್ರೋಗ್ರಾಮ್ ಬರೆದರೂ 240ರಲ್ಲಿ 204 ಸರಿಯಾಗುತ್ತವೆ. ಅದು ಸರಿಯಾಗಿ 85 ಪರ್ಸೆಂಟ್. ಅಕ್ಯುರಸಿ ಎಂಬ ಅಳತೆ ಒಟ್ಟು ಉತ್ತರಗಳಲ್ಲಿ ಎಷ್ಟು ಸರಿ ಎಂಬುದನ್ನಷ್ಟೇ ಎಣಿಸುತ್ತದೆ. ಯಾವುದರಲ್ಲಿ ಸರಿ, ಯಾವುದರಲ್ಲಿ ತಪ್ಪು ಎಂಬುದು ಅದಕ್ಕೆ ಬೇಕಿಲ್ಲ. ಹಾಗಾಗಿ ಮೊದಲು ಕೇಳಬೇಕಾದ್ದು ಕನ್‌ಫ್ಯೂಶನ್ ಮ್ಯಾಟ್ರಿಕ್ಸ್ ಎನ್ನುವ ನಾಲ್ಕು ಮನೆಯ ಕೋಷ್ಟಕ.

```
print(confusion_matrix(y_test, y_pred))
[[200   4]
 [ 32   4]]
```

ಮೇಲಿನ ಸಾಲು ಆರೋಗ್ಯವಂತ ಎಲೆಗಳದ್ದು: 200 ಸರಿ, 4ಕ್ಕೆ ಸುಮ್ಮನೆ ರೋಗ ಅಂಟಿಸಿದೆ. ಕೆಳಗಿನ ಸಾಲು ರೋಗದ ಎಲೆಗಳದ್ದು, ನಮಗೆ ಬೇಕಾದ್ದು ಇದೇ. ಇದ್ದ 36 ರೋಗದ ಎಲೆಗಳಲ್ಲಿ ಮಾಡೆಲ್ ಹಿಡಿದದ್ದು 4. ತಪ್ಪಿಸಿಕೊಂಡದ್ದು 32. ಇದ್ದ ರೋಗದಲ್ಲಿ ಎಷ್ಟು ಪಾಲು ಹಿಡಿದೆ ಎಂಬ ಅಳತೆಗೆ ರೀಕಾಲ್ ಎನ್ನುತ್ತಾರೆ. ಇಲ್ಲಿ ಅದು 11 ಪರ್ಸೆಂಟ್. ಔಷಧಿ ಹೊಡೆಯಬೇಕೋ ಬೇಡವೋ ಎಂದು ಕಾಯುತ್ತಿರುವ ರೈತನ ಮಟ್ಟಿಗೆ ಈ ಮಾಡೆಲ್ ಇದ್ದೂ ಇಲ್ಲದ ಹಾಗೆ. ‘ಸ್ವಲ್ಪ ಕಡಿಮೆ ಬರುತ್ತಿದೆ’ ಎಂಬ ದೂರು ಇಲ್ಲಿಗೆ ‘ಏನೂ ಬರುತ್ತಿಲ್ಲ’ ಎಂದಾಯಿತು. ಈ ಎರಡರ ಕಾರಣವೂ ಬೇರೆ, ಮದ್ದೂ ಬೇರೆ.

ಈಗ ಟ್ರೈನಿಂಗಿನ ದಾಖಲೆ ನೋಡಬೇಕು. ಮಾಡೆಲ್ ಕಲಿಯುವಾಗ ಪ್ರತಿ ಸುತ್ತಿಗೂ ಒಂದು ‘ಲಾಸ್’ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಉತ್ತರ ಎಷ್ಟು ದೂರ ಬಿತ್ತು ಎಂಬುದರ ಲೆಕ್ಕ ಅದು, ಇಳಿದಷ್ಟೂ ಒಳ್ಳೆಯದು. ಒಂದು ಸುತ್ತಿಗೆ ಎಪೋಕ್ ಎನ್ನುತ್ತಾರೆ. ನಮ್ಮ ಹುಡುಗಿಯ ಪರದೆಯಲ್ಲಿ ಹೀಗಿತ್ತು:

```
epoch  1   loss 0.47   val_loss 0.44
epoch  5   loss 0.42   val_loss 0.42
epoch 20   loss 0.42   val_loss 0.42
```

ಈ 0.42 ಕಾಕತಾಳೀಯವಲ್ಲ. ನೂರಕ್ಕೆ ಹದಿನೈದು ಎಲೆಗೆ ರೋಗ ಇದೆ ಎಂಬುದನ್ನು ಮಾತ್ರ ತಿಳಿದುಕೊಂಡು, ಯಾವ ಫೋಟೊ ತೋರಿಸಿದರೂ ‘ರೋಗದ ಸಾಧ್ಯತೆ 15 ಪರ್ಸೆಂಟ್’ ಎಂದು ಒಂದೇ ರಾಗ ಎಳೆಯುವ ಮಾಡೆಲ್‌ನ ಲಾಸ್ ಎಷ್ಟು ಎಂದು ಲೆಕ್ಕ ಹಾಕಬಹುದು:

```
-(0.15*ln(0.15) + 0.85*ln(0.85)) = 0.423
```

ರೋಗದ್ದೂ ಆರೋಗ್ಯದ್ದೂ ಸಮಸಮ ಇದ್ದಿದ್ದರೆ ಈ ಸಂಖ್ಯೆ 0.693 ಆಗುತ್ತಿತ್ತು. ಈ ಕೆಲಸದಲ್ಲಿ ಪಳಗಿದವರು ಲಾಸ್ 0.69ರಲ್ಲಿ ನಿಂತಿದೆ ಎಂದು ಕೇಳಿದ ಕೂಡಲೇ ಮಾಡೆಲ್ ಏನೂ ಕಲಿತಿಲ್ಲ ಎಂದುಬಿಡುವುದು ಇದೇ ಕಾರಣಕ್ಕೆ. ಇಲ್ಲಿ ಐದನೇ ಸುತ್ತಿನಿಂದಾಚೆ ಲಾಸ್ ಕದಲಿಲ್ಲ, ಅದೂ ಕುರುಡು ಊಹೆಯ ಮಟ್ಟದಲ್ಲೇ ಕೂತಿದೆ. ಇನ್ನು ಇನ್ನೂರು ಎಪೋಕ್ ಓಡಿಸಿದರೂ ಪ್ರಯೋಜನವಿಲ್ಲ. ಡ್ರಾಪೌಟ್ ಹಾಕಿದರಂತೂ ಕಲಿಯದವನಿಗೆ ಇನ್ನಷ್ಟು ಅಡ್ಡಗಾಲು. ಫೋಟೊದಲ್ಲಿರುವುದು ಮಾಡೆಲ್‌ಗೆ ತಲುಪುತ್ತಿಲ್ಲವೇ ಎಂಬ ಅನುಮಾನ ಇಲ್ಲಿಂದಲೇ ಹುಟ್ಟಬೇಕು.

ಅದಕ್ಕೆ ಮುಂದಿನ ಪ್ರಶ್ನೆ: ಮಾಡೆಲ್ ಯಾವುದು? ಹುಡುಗಿ ಬಳಸಿದ್ದು ಕೇರಸ್ ಎಂಬ ಸಾಫ್ಟ್‌ವೇರ್ ಲೈಬ್ರರಿಯ ಎಫಿಷಿಯೆಂಟ್‌ನೆಟ್. ಲಕ್ಷಾಂತರ ಚಿತ್ರಗಳನ್ನು ನೋಡಿ ಮೊದಲೇ ಪಳಗಿದ ಮಾಡೆಲ್ ಅದು. ಅದರ ಬುಡವನ್ನು ಹಾಗೇ ಇಟ್ಟು, ತುದಿಗೆ ಮಾತ್ರ ಟೊಮೆಟೊ ಎಲೆಯ ಪಾಠ ಹೇಳಿಸಿದ್ದಾಳೆ. ಒಳ್ಳೆಯ ಆಯ್ಕೆಯೇ. ಕೋಡಿನಲ್ಲಿ ಫೋಟೊಗಳನ್ನು ಓದುವ ಕಡೆ ಈ ಸಾಲಿದೆ:

```
ImageDataGenerator(rescale=1./255)
```

ಫೋಟೊದ ಪ್ರತಿ ಚುಕ್ಕೆಯ ಬೆಳಕು 0ಯಿಂದ 255ರವರೆಗಿನ ಒಂದು ಸಂಖ್ಯೆ. ಅದನ್ನು 255ರಿಂದ ಭಾಗಿಸಿ 0ಗೂ 1ಕ್ಕೂ ನಡುವೆ ತರುವ ಸಾಲು ಇದು. ಟ್ಯುಟೋರಿಯಲ್‌ಗಳಲ್ಲೆಲ್ಲ ಇರುತ್ತದೆ, ಎಲ್ಲರೂ ಕಣ್ಣು ಮುಚ್ಚಿ ಕಾಪಿ ಹೊಡೆಯುತ್ತಾರೆ. ಹುಡುಗಿಯ ಗೆಳತಿಯ ಕೋಡಿನಲ್ಲೂ ಇದೇ ಸಾಲಿತ್ತು. ಅವಳದು ತಾನೇ ಕಟ್ಟಿದ ಸಣ್ಣ ನೆಟ್‌ವರ್ಕ್. ಅಲ್ಲಿ ಇದು ಬೇಕಾದ ಸಾಲೇ. ಆದರೆ ಕೇರಸ್‌ನ ಎಫಿಷಿಯೆಂಟ್‌ನೆಟ್ ಈ ಭಾಗಾಕಾರವನ್ನು ತನ್ನ ಹೊಟ್ಟೆಯೊಳಗೇ ಮಾಡಿಕೊಳ್ಳುತ್ತದೆ. ಅದಕ್ಕೆ 0ಯಿಂದ 255ರ ಹಸಿ ಸಂಖ್ಯೆಗಳನ್ನೇ ಕೊಡಬೇಕು. ಹೊರಗೆ ಒಮ್ಮೆ, ಒಳಗೆ ಇನ್ನೊಮ್ಮೆ ಭಾಗಿಸಿದರೆ ಅತಿ ಬೆಳಗುವ ಚುಕ್ಕೆಯೂ 0.004ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಮಾಡೆಲ್ ನೋಡುತ್ತಿದ್ದದ್ದು 1,200 ಎಲೆಗಳನ್ನಲ್ಲ. ಹೆಚ್ಚುಕಡಿಮೆ ಒಂದೇ ಥರದ 1,200 ಕಪ್ಪು ಚೌಕಗಳನ್ನು. ಅಂಥ ಚೌಕಗಳಿಂದ ಕಲಿಯಲು ಸಾಧ್ಯವಿದ್ದದ್ದು ನೂರಕ್ಕೆ ಹದಿನೈದು ಎಂಬ ಅನುಪಾತ ಮಾತ್ರ. ಅದನ್ನು ಪಾಪ, ಸರಿಯಾಗಿಯೇ ಕಲಿತಿದೆ.

ಮೊಬೈಲ್‌ನೆಟ್‌ನ ಎರಡನೇ ಆವೃತ್ತಿಯಾಗಿದ್ದರೆ −1ರಿಂದ 1ರ ನಡುವಿನ ಸಂಖ್ಯೆಗಳನ್ನು ಕೊಡಬೇಕಿತ್ತು. ಒಂದೇ ಸಾಲು ಒಂದು ಮಾಡೆಲ್‌ಗೆ ಅನ್ನ, ಇನ್ನೊಂದಕ್ಕೆ ವಿಷ. ಪ್ರೋಗ್ರಾಮ್ ಯಾವ ಎರರ್ ಕೂಡ ತೋರಿಸುವುದಿಲ್ಲ, ಸರಾಗವಾಗಿ ಓಡುತ್ತದೆ. ಹಿಡಿಯುವ ದಾರಿ ತೀರಾ ಸುಲಭ. ಮಾಡೆಲ್‌ಗೆ ಹೋಗುವ ಒಂದು ಕಟ್ಟು ಫೋಟೊ ತೆಗೆದುಕೊಂಡು `x.min()`, `x.max()` ಎಷ್ಟೆಂದು ಪ್ರಿಂಟ್ ಮಾಡಿ ನೋಡುವುದು. ಎಫಿಷಿಯೆಂಟ್‌ನೆಟ್ ಹಾಕಿಕೊಂಡು ಅಲ್ಲಿ 0 ಮತ್ತು 1 ಕಂಡರೆ ಕಳ್ಳ ಸಿಕ್ಕ.

ಸೆಟ್ಟಿಂಗ್‌ಗಳ ವಿಚಾರವೂ ಮಾಡೆಲ್‌ಗೇ ಅಂಟಿಕೊಂಡಿದೆ. ಒಂದೊಂದು ಹೆಜ್ಜೆಯಲ್ಲಿ ಮಾಡೆಲ್ ತನ್ನನ್ನು ಎಷ್ಟು ತಿದ್ದಿಕೊಳ್ಳಬೇಕು ಎಂಬುದಕ್ಕೆ ಲರ್ನಿಂಗ್ ರೇಟ್ ಎನ್ನುತ್ತಾರೆ. ಕೇರಸ್‌ನಲ್ಲಿ ಆ್ಯಡಂ ಎಂಬ ಆಪ್ಟಿಮೈಸರ್ ತಾನಾಗಿ ಹಿಡಿಯುವ ರೇಟ್ 0.001. ಬುಡ ಮುಚ್ಚಿಟ್ಟು ತುದಿಗಷ್ಟೇ ಕಲಿಸುವಾಗ ಅದು ಸರಿ. ಬುಡವನ್ನೂ ಬಿಚ್ಚಿ ಪೂರ್ತಿ ಮಾಡೆಲ್‌ಗೆ ಕಲಿಸಲು ಹೊರಟರೆ ಅದೇ ರೇಟ್ ಹಳೆಯ ವಿದ್ಯೆಯನ್ನೆಲ್ಲ ಅಳಿಸಿಹಾಕಬಲ್ಲದು. ಕೇರಸ್‌ನವರ ಮಾರ್ಗದರ್ಶಿಯಲ್ಲೇ ಆಗ 0.00001ಕ್ಕೆ ಇಳಿಸುತ್ತಾರೆ. ಹಾಗಾಗಿ ‘ಲರ್ನಿಂಗ್ ರೇಟ್ 0.001 ಇಟ್ಟಿದ್ದೇನೆ, ಸರಿಯಾ?’ ಎಂದು ಮಾತ್ರ ಕೇಳಿದರೂ ಉತ್ತರವಿಲ್ಲ.

ಆ ಒಂದು ಸಾಲು ತೆಗೆದಳು. ಎಂಟ್ಹತ್ತು ಸುತ್ತಿನಲ್ಲಿ ಲಾಸ್ ಸರಸರ ಇಳಿಯಿತು. ಅದೇ 240 ಫೋಟೊಗಳಲ್ಲಿ 36 ರೋಗದ ಎಲೆಗಳ ಪೈಕಿ 33 ಸಿಕ್ಕವು, ಅಕ್ಯುರಸಿ 97.5ಕ್ಕೆ ಏರಿತು. ಬಹಳಷ್ಟು ಪ್ರಾಜೆಕ್ಟ್ ರಿಪೋರ್ಟ್‌ಗಳು ಇಲ್ಲಿಗೆ ಮುಗಿದು ಬೈಂಡಿಂಗಿಗೆ ಹೋಗುತ್ತವೆ. ನಾನಾದರೆ ಈ ಸಂಖ್ಯೆಯನ್ನು ಹಿಂದಿನ 85ಕ್ಕಿಂತ ಹೆಚ್ಚು ಅನುಮಾನದಿಂದ ನೋಡುತ್ತೇನೆ. ನಾಲ್ಕು ಸಂಗತಿಗಳಲ್ಲಿ ಒಂದನ್ನು ನಾವಿನ್ನೂ ಕೇಳಿಯೇ ಇಲ್ಲ.

‘ಫೋಟೊಗಳನ್ನ ಹೇಗೆ ಹಂಚಿದೆಯಮ್ಮ?’

‘ರ‍್ಯಾಂಡಮ್ ಆಗಿ ಸರ್, 80–20.’

‘ಒಂದು ಗಿಡದ ಫೋಟೊ ಎಷ್ಟೆಷ್ಟು ತೆಗೆದಿದ್ದೆ?’

‘ಇಪ್ಪತ್ತಿಪ್ಪತ್ತು.’

1,200 ಫೋಟೊ, ಗಿಡಕ್ಕೆ ಇಪ್ಪತ್ತರಂತೆ: ಅಲ್ಲಿಗೆ 60 ಗಿಡ. ಫೋಟೊಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಹಂಚಿದಾಗ ಹೆಚ್ಚುಕಡಿಮೆ ಪ್ರತಿ ಗಿಡದ ಹದಿನಾರು ಫೋಟೊ ಕಲಿಕೆಗೆ, ನಾಲ್ಕು ಪರೀಕ್ಷೆಗೆ ಬಂದಿವೆ. ಅದೇ ಗಿಡ, ಅದೇ ಬಿಸಿಲು, ಹಿಂದೆ ಅದೇ ಮಲ್ಚಿಂಗ್ ಶೀಟು, ಅದೇ ಕೋಲು. ಮಾಡೆಲ್ ಅಂಗಮಾರಿಯ ಚುಕ್ಕೆ ಗುರುತಿಸಿತೋ, ‘ಓ, ಇದು ಆ ನೀಲಿ ದಾರ ಕಟ್ಟಿದ ಗಿಡ’ ಎಂದು ಗಿಡವನ್ನೇ ಗುರುತಿಸಿತೋ ಈ ಪರೀಕ್ಷೆಯಿಂದ ಹೇಳಲಾಗದು. ರೈತ ನಾಳೆ ತೋರಿಸುವುದು ಮಾಡೆಲ್ ಎಂದೂ ನೋಡದ ಗಿಡವನ್ನು.

ಇದು ಕಾಲೇಜು ಮಕ್ಕಳು ಮಾತ್ರ ಮಾಡುವ ಎಡವಟ್ಟು ಎಂದುಕೊಳ್ಳಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಪತ್ತೆ ಮಾಡುವ ಚೆಕ್ಸ್‌ನೆಟ್ ಎಂಬ ಮಾಡೆಲ್ ಪ್ರಕಟಿಸಿತು. ಬಳಸಿದ್ದ ಸಂಗ್ರಹದಲ್ಲಿ 1,12,120 ಎಕ್ಸ್‌ರೇಗಳಿದ್ದವು. ರೋಗಿಗಳು 30,805 ಮಂದಿ ಮಾತ್ರ; ಒಬ್ಬರದೇ ಹಲವು ಚಿತ್ರಗಳು. ಪ್ರಬಂಧದ ಮೊದಲ ಆವೃತ್ತಿಯಲ್ಲಿ ಚಿತ್ರಗಳನ್ನು ರ‍್ಯಾಂಡಮ್ ಆಗಿ ಹಂಚಿದ್ದೇವೆ ಎಂದಷ್ಟೇ ಇತ್ತು. ಒಬ್ಬನೇ ರೋಗಿ ಎರಡೂ ಕಡೆ ಬಂದಿರಬಹುದಲ್ಲ ಎಂಬ ಪ್ರಶ್ನೆ ಎದ್ದಿತು. ಆಮೇಲಿನ ಆವೃತ್ತಿಯಲ್ಲಿ ಹಂಚಿಕೆ ಬದಲಾಯಿತು, ಯಾವ ರೋಗಿಯೂ ಎರಡು ಕಡೆ ಇಲ್ಲ ಎಂಬ ಮಾತೂ ಸೇರಿತು. ಹಂಚಿಕೆಯ ವಿವರವನ್ನು ಒಂದು ಸಾಲಾದರೂ ಬರೆದಿದ್ದರಿಂದಲೇ ಓದಿದವರಿಗೆ ಆ ಪ್ರಶ್ನೆ ಕೇಳಲು ಸಾಧ್ಯವಾಯಿತು.

ನಮ್ಮ ಹುಡುಗಿಯೂ ಫೋಟೊ ಬಿಟ್ಟು ಗಿಡಗಳನ್ನು ಹಂಚಿದಳು. ಸೈಕಿಟ್‌ಲರ್ನ್ ಲೈಬ್ರರಿಯಲ್ಲಿ `GroupShuffleSplit` ಎಂಬುದಿದೆ. ಪ್ರತಿ ಫೋಟೊ ಯಾವ ಗಿಡದ್ದು ಎಂಬ ಪಟ್ಟಿ ಕೊಟ್ಟರೆ ಒಂದು ಗಿಡದ ಫೋಟೊಗಳೆಲ್ಲ ಒಂದೇ ಕಡೆ ಇರುವ ಹಾಗೆ ನೋಡಿಕೊಳ್ಳುತ್ತದೆ. 48 ಗಿಡ ಕಲಿಕೆಗೆ, 12 ಗಿಡ ಪರೀಕ್ಷೆಗೆ. ಆ 12ರಲ್ಲಿ ರೋಗದ ಗಿಡ ಎರಡು, ಅಂದರೆ 40 ಫೋಟೊ. ಮಾಡೆಲ್ ಹಿಡಿದದ್ದು 23. ರೀಕಾಲ್ 92ರಿಂದ 58ಕ್ಕೆ ಬಂದು ಕೂತಿತು.

‘ಸರ್, ಮತ್ತೆ ಕೆಟ್ಟುಹೋಯ್ತು!’

ಮಾಡೆಲ್ ಏನೂ ಕೆಟ್ಟಿಲ್ಲ. ಅದೇ ನೆಟ್‌ವರ್ಕ್, ಅವೇ ಸೆಟ್ಟಿಂಗ್. ಬದಲಾದದ್ದು ಪರೀಕ್ಷೆಯ ಪ್ರಶ್ನೆಪತ್ರಿಕೆ. ಹಂಚಿಕೆ ಹೇಗೆಂದು ಹೇಳದೆ ‘ನಿನ್ನೆ 92 ಇತ್ತು, ಇವತ್ತು 58, ಯಾಕೆ?’ ಎಂದು ಯಾರಿಗಾದರೂ ಕೇಳಿದ್ದರೆ ಅವರು ಲರ್ನಿಂಗ್ ರೇಟಿನಲ್ಲೋ ಎಪೋಕಿನಲ್ಲೋ ತಪ್ಪು ಹುಡುಕುತ್ತಾ ಕೂರುತ್ತಿದ್ದರು.

ಇದರ ಬೆನ್ನಿಗೇ ಇನ್ನೊಂದು ತೊಡಕು ಬಯಲಾಯಿತು. ಎರಡು ರೋಗದ ಗಿಡಗಳನ್ನು ನೋಡಿ 58 ಪರ್ಸೆಂಟ್ ಎಂದು ಘಂಟಾಘೋಷವಾಗಿ ಹೇಳಬಹುದೇ? ಅವು ಬೇರೆ ಎರಡು ಗಿಡಗಳಾಗಿದ್ದರೆ? ಅದನ್ನೂ ನೋಡಲು ದಾರಿಯಿದೆ. `StratifiedGroupKFold` ಬಳಸಿ 60 ಗಿಡಗಳನ್ನು ಐದು ಗುಂಪು ಮಾಡಿ, ಸರದಿಯ ಮೇಲೆ ಒಂದೊಂದು ಗುಂಪನ್ನು ಪರೀಕ್ಷೆಗಿಟ್ಟು ಐದು ಸಲ ಕಲಿಸಿ ನೋಡುವುದು. ರೀಕಾಲ್ ಹೀಗೆ ಬಂತು: 58, 90, 35, 78, 45. ರೋಗದ ಗಿಡಗಳು ಒಟ್ಟು ಒಂಬತ್ತೇ ಇರುವುದರಿಂದ ನಾಲ್ಕು ಗುಂಪಿನಲ್ಲಿ ಎರಡೆರಡು, ಐದನೆಯದರಲ್ಲಿ ಒಂದೇ ಒಂದು. ಗುಂಪಿನಿಂದ ಗುಂಪಿಗೆ ಸಂಖ್ಯೆ ಈ ಪರಿ ಕುಣಿಯುವುದಕ್ಕೆ ಕಾರಣವೂ ಅದೇ. ಒಂದು ಗಿಡದಲ್ಲಿ ಚುಕ್ಕೆ ದೊಡ್ಡದಾಗಿ ಬಳೆಬಳೆಯಾಗಿ ಕಾಣುತ್ತಿದ್ದರೆ ಎಲ್ಲವೂ ಸಿಗುತ್ತವೆ. ಇನ್ನೊಂದರಲ್ಲಿ ರೋಗ ಈಗಷ್ಟೇ ತಗಲಿದ್ದರೆ ಇಪ್ಪತ್ತೂ ಕೈತಪ್ಪುತ್ತವೆ.

ಇಷ್ಟಾದ ಮೇಲೆ ಗೆಳತಿಯ 99ರ ಕಡೆಗೂ ಒಮ್ಮೆ ತಿರುಗಬೇಕು. ಅವಳು ತೋಟಕ್ಕೆ ಹೋಗಿರಲಿಲ್ಲ. ಪ್ಲಾಂಟ್‌ವಿಲೇಜ್ ಎಂಬ ಪ್ರಸಿದ್ಧ ಫೋಟೊ ಸಂಗ್ರಹವನ್ನು ಇಳಿಸಿಕೊಂಡಿದ್ದಳು. ಎಲೆ ಕಿತ್ತು ಸಾದಾ ಹಾಳೆಯಂಥ ಹಿನ್ನೆಲೆಯ ಮೇಲಿಟ್ಟು ತೆಗೆದ 54,306 ಫೋಟೊ, 14 ಬೆಳೆ, 26 ರೋಗ. 2016ರಲ್ಲಿ ಮೊಹಾಂತಿ, ಹ್ಯೂಸ್, ಸಲಾತೆ ಎಂಬ ಮೂವರು ಇದರ ಮೇಲೆ ಕಲಿಸಿದ ಮಾಡೆಲ್ 99.35 ಪರ್ಸೆಂಟ್ ಅಕ್ಯುರಸಿ ತೋರಿಸಿತು. ಅವರು ಹುಷಾರಾಗಿಯೇ ಹಂಚಿದ್ದರು. ಒಂದೇ ಎಲೆಯ ಹಲವು ಫೋಟೊಗಳೆಂದು ತಿಳಿದಿದ್ದ ಕಡೆ ಅವೆಲ್ಲ ಒಂದೇ ಪಾಲಿಗೆ ಹೋಗುವಂತೆ ನೋಡಿಕೊಂಡಿದ್ದರು. ಆದರೂ ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೊಗಳನ್ನು ಕೊಟ್ಟಾಗ ಅದೇ ಮಾಡೆಲ್ 31 ಪರ್ಸೆಂಟಿಗೆ ಇಳಿಯಿತು. ಅದನ್ನು ಮುಚ್ಚಿಡದೆ ಪ್ರಬಂಧದಲ್ಲೇ ಬರೆದರು. ಸಂಗ್ರಹದ ಹೆಸರು ಎಲ್ಲರ ಬಾಯಲ್ಲೂ ಇದೆ, 99 ಎಂಬುದೂ ಇದೆ. ಈ 31 ಮಾತ್ರ ಯಾಕೋ ಯಾರ ರಿಪೋರ್ಟಿನಲ್ಲೂ ಕಾಣುವುದಿಲ್ಲ.

ಆ ಸಂಗ್ರಹದ ಹುಳುಕು ಎಲ್ಲಿದೆ ಎಂಬುದನ್ನು 2022ರಲ್ಲಿ ಇನ್ನೊಂದು ಅಧ್ಯಯನ ಎತ್ತಿ ತೋರಿಸಿತು. ಎಲೆಯನ್ನು ಪೂರ್ತಿ ಬಿಟ್ಟು, ಪ್ರತಿ ಫೋಟೊದ ಹಿನ್ನೆಲೆಯಿಂದ ಬರೀ ಎಂಟು ಚುಕ್ಕೆಗಳನ್ನು ಆರಿಸಿಕೊಂಡು ಒಂದು ಮಾಡೆಲ್‌ಗೆ ಕಲಿಸಿದರು. ಬೆಳೆ-ರೋಗದ ಜೋಡಿಗಳು 38 ಇರುವುದರಿಂದ ಕುರುಡು ಊಹೆಗೆ ಬರಬೇಕಾದ್ದು 2.6 ಪರ್ಸೆಂಟ್. ಬಂದದ್ದು 49. ಒಂದು ರೋಗದ ಫೋಟೊಗಳು ಒಂದು ಬೆಳಕಿನಲ್ಲಿ, ಒಂದು ಹಿನ್ನೆಲೆಯ ಮೇಲೆ ತೆಗೆದವಾದರೆ ಎಲೆಯನ್ನು ನೋಡದೆಯೇ ರೋಗದ ಹೆಸರು ಹೇಳಬಹುದು ಎಂದಾಯಿತು. ಇಂಥ ಕಡೆ ಗಿಡವಾರು ಹಂಚಿದರೂ ಸಾಲದು; ಹಿನ್ನೆಲೆಯ ಗುಟ್ಟು ಎರಡೂ ಪಾಲಿಗೆ ಸೋರಿರುತ್ತದೆ. ಬೇರೆ ತೋಟದ, ಬೇರೆ ಫೋನಿನ ಫೋಟೊ ತಂದು ನೋಡಿದಾಗಲೇ ಬಣ್ಣ ಬಯಲು.

ಈಗ ಹುಡುಗಿ ತನ್ನ ಪ್ರಶ್ನೆಯನ್ನು ಮತ್ತೆ ಬರೆದಳು. ‘ಟೊಮೆಟೊ ಎಲೆ, ರೋಗ ಇದೆ/ಇಲ್ಲ. 60 ಗಿಡ, ಗಿಡಕ್ಕೆ 20 ಫೋಟೊ. ರೋಗದವು 9 ಗಿಡ. ಗಿಡವಾರು ಐದು ಗುಂಪು. ಕೇರಸ್ ಎಫಿಷಿಯೆಂಟ್‌ನೆಟ್ ಬಿ0, ಬುಡ ಮುಚ್ಚಿದೆ, 0–255 ಇನ್‌ಪುಟ್, ಆ್ಯಡಂ 0.001, 20 ಎಪೋಕ್. ಟ್ರೈನಿಂಗ್ ಲಾಸ್ 0.05ಕ್ಕಿಂತ ಕಡಿಮೆ. 180 ರೋಗದ ಫೋಟೊಗಳಲ್ಲಿ ಸಿಕ್ಕವು 113, ಆದರೆ ಗುಂಪಿನಿಂದ ಗುಂಪಿಗೆ 35ರಿಂದ 90ರವರೆಗೆ ವ್ಯತ್ಯಾಸ. ಏನು ಮಾಡಲಿ?’

ಇದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದು. ಟ್ರೈನಿಂಗ್ ಲಾಸ್ ಅಷ್ಟು ಕೆಳಗಿದೆ ಎಂದ ಮೇಲೆ ಮಾಡೆಲ್ ಕಲಿಯುತ್ತಿದೆ, ನೋಡಿದ ಗಿಡಗಳು ಅದಕ್ಕೆ ಬಾಯಿಪಾಠವಾಗಿವೆ. ಇನ್ನೂ ದೊಡ್ಡ ಮಾಡೆಲ್ ಬೇಡ, ಎಪೋಕ್ ಹೆಚ್ಚಿಸುವುದೂ ಬೇಡ. ಕೊರತೆಯಿರುವುದು ರೋಗದ ಗಿಡಗಳಲ್ಲಿ. ಅದೇ ಒಂಬತ್ತು ಗಿಡಗಳ ಮುಂದೆ ನಿಂತು ಇನ್ನೂ ಸಾವಿರ ಫೋಟೊ ತೆಗೆದರೆ ಸಂಖ್ಯೆ ಬೆಳೆಯುತ್ತದೆ, ಮಾಹಿತಿ ಬೆಳೆಯುವುದಿಲ್ಲ. ಅದೇ 180 ಫೋಟೊಗಳನ್ನು 60 ರೋಗದ ಗಿಡಗಳಿಂದ, ಗಿಡಕ್ಕೆ ಮೂರರಂತೆ ತೆಗೆಯಲಿ. ನಾಲ್ಕೈದು ತೋಟ ಸುತ್ತಲಿ. ಚುಕ್ಕೆ ಈಗಷ್ಟೇ ಮೂಡಿದ ಎಲೆಗಳನ್ನೂ ಬಿಡದಿರಲಿ. ರೋಗದ ಎಲೆ ತೆಗೆದ ತೋಟದಲ್ಲೇ, ಅದೇ ಹೊತ್ತಿನಲ್ಲಿ, ಅದೇ ಫೋನಿನಲ್ಲಿ ಆರೋಗ್ಯವಂತ ಗಿಡಗಳನ್ನೂ ತೆಗೆಯಲಿ. ಒಂದು ತೋಟವನ್ನು ಪೂರ್ತಿಯಾಗಿ ಬೇರೆ ಇಟ್ಟು, ಎಲ್ಲ ಮುಗಿದ ಮೇಲೆ ಒಂದೇ ಒಂದು ಸಲ ಅದರ ಮೇಲೆ ಪರೀಕ್ಷೆ ಮಾಡಲಿ. ಯಾವುದು ಅಂಗಮಾರಿ, ಯಾವುದು ಬೇರೆ ಚುಕ್ಕೆ ಎಂಬ ಗುರುತನ್ನು ತೋಟಗಾರಿಕೆ ಗೊತ್ತಿರುವವರೊಬ್ಬರು ನೋಡಿ ಖಾತ್ರಿ ಮಾಡಲಿ. 180 ಫೋಟೊಗಳಿಗೆ ತಾನೊಬ್ಬಳೇ ಕೂತು ಹೆಸರು ಅಂಟಿಸಿದ್ದಾಳೆ ಎಂಬುದು ಇಷ್ಟು ಹೊತ್ತಿನ ಮಾತಿನಲ್ಲಿ ಕೊನೆಗೆ ಹೊರಬಂದ ಸಂಗತಿ.